ಬುಧವಾರ ಮಧ್ಯಾಹ್ನದ ಡ್ಯೂಟಿ

ನನಗ ಸಿಟ್ಟು ಮೂಗಿನ ತುದಿಮ್ಯಾಲ. ವಿಜಯಪುರದ ಒಂದು ಕಾಲೇಜಿನ್ಯಾಗ ಇತಿಹಾಸ ಹೇಳತೀನಿ. ನಮ್ಮ ವಿಭಾಗದ ಕಿರುಪರೀಕ್ಷೆಗೆ ವೇಳಾಪಟ್ಟಿ ಮಾಡೂದು, ಕೋಣಿ ಕಾಯೂ ಡ್ಯೂಟಿ ಹಂಚೂದು ಮೊದಲಿಂದ ನನ್ನ ಕೊರಳಿಗೇ ಬಿದ್ದೈತಿ. ಯಾರರ ತಪ್ಪು ತೋರಿಸಿದ್ರ, "ಹಂಗಾರ ನೀವೇ ಮಾಡ್ರಿ" ಅಂತ ಪೆನ್ಸಿಲ್ ಮುಂದ ಒಗೀತಿದ್ದೆ.

ಸಣ್ಣ ಕೆಲಸ ಅಲ್ರಿ ಅದು. ನಮ್ಮ ಹುಡುಗರಾಗ ಒಬ್ಬಾಂವ ಇತಿಹಾಸದ ಜೋಡಿ ಅರ್ಥಶಾಸ್ತ್ರ ತಗೊಂಡಿರ್ತಾನ, ಇನ್ನೊಬ್ಬಾಕಿ ಸಮಾಜಶಾಸ್ತ್ರ. ಹಿಂದಿನ ಸೆಮಿಸ್ಟರಿನ ವಿಷಯ ಉಳಿಸಿಕೊಂಡವರು ಬ್ಯಾರೆ. ಯಾರಿಗೂ ಒಂದೇ ಹೊತ್ತಿಗೆ ಎರಡು ಪರೀಕ್ಷೆ ಬೀಳಬಾರದು. ಆಮ್ಯಾಲ ಮಾಸ್ತರರ ಪಾಳಿ: ತಾವು ಕಲಿಸಿದ ವಿಷಯದ ಪರೀಕ್ಷೆಗೆ ತಾವೇ ನಿಲ್ಲಂಗಿಲ್ಲ. ಹೋದ ಸೆಮಿಸ್ಟರಿನ್ಯಾಗ ಚೌಕಳಿ ಹಾಳಿಮ್ಯಾಲ ನಾಕು ದಿನ ತಿದ್ದಿ ತಿದ್ದಿ, ಒಬ್ಬ ಹುಡುಗಗೂ ಅಡ್ಡ ಬರದಂಗ ಕೂಡಿಸಿದ್ದೆ. ಭಾಳ ಜಂಬ ಬಂದಿತ್ತು.

ಬುಧವಾರ ಮಧ್ಯಾಹ್ನ ಎರಡು ಕೋಣಿ. ಒಂದಕ್ಕ ಒಬ್ಬ ಸರ್ ಇದ್ರು. ಇನ್ನೊಬ್ಬ ಸರ್ ಅವತ್ತಿನ ವಿಷಯ ಕಲಿಸಿದವರು, ನಿಲ್ಲಂಗಿಲ್ಲ. ಉಳಿದವರು ನಾನು, ಮತ್ತ ತಾಸಿನ ಲೆಕ್ಕದಾಗ ಪಗಾರ ತಗೊಂಡು ಪಾಠ ಹೇಳೂ ನಮ್ಮ ಗೆಸ್ಟ್ ಮೇಡಂ. ಆ ಮೇಡಂ ಬಬಲೇಶ್ವರದಿಂದ ಬಸ್ಸಿಗೆ ಬರತಿದ್ರು. ಮುಂಜಾನೆ ನಮ್ಮಲ್ಲಿ ಪಾಠ, ಮಧ್ಯಾಹ್ನ ತಿಕೋಟಾದ ಕಾಲೇಜಿನ್ಯಾಗ ಪಾಠ. ಎರಡೂ ಕೂಡಿದ್ರ ಅವರ ಮನಿ ನಡೀತಿತ್ತು. ಅಲ್ಲೂ ಅದೇ ವಾರ ಪರೀಕ್ಷೆ. "ಬುಧವಾರ ಮಧ್ಯಾಹ್ನ ನನಗ ತಿಕೋಟಾದಾಗ ಡ್ಯೂಟಿ ಐತ್ರಿ" ಅಂತ ಮೊದಲೇ ಚೀಟಿ ಬರೆದು ಕೊಟ್ಟಿದ್ರು. ಅದನ್ನ ಫೈಲಿನ್ಯಾಗ ಇಟ್ಟು, ಆ ಚೌಕದಾಗ ನನ್ನ ಹೆಸರೇ ಬರೆದಿದ್ದೆ.

ಅಷ್ಟರಾಗ ಇಟ್ಟಂಗಿಹಾಳದ ಗೆಳೆಯಾ ಫೋನ್ ಮಾಡಿದ. "ಲೇ, ಬುಧವಾರ ಮಧ್ಯಾಹ್ನ ಹೊಲಕ್ಕ ಬಾ. ಸೀತನಿ ಸುಡಾಕತ್ತೇವಿ."

ಎಳೀ ಜ್ವಾಳದ ತೆನಿ, ಮ್ಯಾಲ ಶೇಂಗಾ ಚಟ್ನಿ. ಅಷ್ಟೇರಿ ಕಾರಣ. ಮನ್ಯಾಗ ಯಾರಿಗರ ಆರಾಮ ಇರಲಿಲ್ಲ ಅಂತಲ್ಲ, ಮದುವಿ ಅಂತಲ್ಲ. ರಬ್ಬರ್ ತಗೊಂಡು ನನ್ನ ಹೆಸರು ಅಳಿಸಿ, ಮೇಡಂ ಹೆಸರು ಬರೆದೆ. ಗೆಸ್ಟ್ ಅಂದ್ರ ಹೆಂಗರ ಹೊಂದಿಸಿಕೋತಾರ ಅಂತ ಮನಸ್ಸಿಗೆ ಹೇಳಿಕೊಂಡೆ.

ಸಿಪಾಯಿ ಸಹಿ ಪುಸ್ತಕ ತಗೊಂಡು ತಿರುಗಿದ. ನಮ್ಮಲ್ಲಿ ಅದನ್ನ ಓದಿ ಸಹಿ ಮಾಡಾವರು ಯಾರೂ ಇಲ್ಲ. ಮೇಡಂ ಒಬ್ಬರೇ ಓದಿದ್ರು. ನನ್ನ ಟೇಬಲ್ ಹತ್ರ ಬಂದು ಮೆಲ್ಲಗ, "ಸರ್, ಚೀಟಿ ಕೊಟ್ಟಿದ್ದೆನಲ್ರಿ" ಅಂದ್ರು.

"ಪಟ್ಟಿ ಫೈನಲ್ ಆಗೇತ್ರಿ ಮೇಡಂ. ಒಬ್ಬರಿಗಾಗಿ ಎಲ್ಲಾ ಕೆಡಸಾಕ ಬರತೈತೇನ್ರಿ? ಅಲ್ಲೇ ಯಾರಿಗರ ಹೇಳ್ರಿ."

ಒಂದು ಸುಳ್ಳು, ಅದೂ ದನಿ ಏರಿಸಿ. ಬಡವರ ಸಿಟ್ಟು ದವಡಿಗೆ ಮೂಲ ಅಂತಾರಲ್ಲ, ಅವರು ಪೆನ್ ತಗದು ಸಹಿ ಮಾಡಿದ್ರು.

ತಿಕೋಟಾದಾಗ ಯಾರೂ ಬದಲಿ ನಿಲ್ಲಾಕ ಒಪ್ಪಲಿಲ್ಲ. ನಮ್ಮಲ್ಲಿ ತಾಸು ಹೆಚ್ಚಿದ್ದವು ಅಂತ ಮೇಡಂ ನಮ್ಮ ಕೋಣಿಗೇ ಬಂದು ನಿಂತ್ರು. ನಾನು ಆ ಹೊತ್ತಿಗೆ ಹೊಲದಾಗ ಬಿಸಿ ಬಿಸಿ ಸೀತನಿ ತಿಕ್ಕಿ ಊದಿ ತಿನ್ನಾಕತ್ತಿದ್ದೆ. ಚಲೋ ಇತ್ತು. ಸುಳ್ಳ್ಯಾಕ ಹೇಳಲಿ.

ಮುಂದಿನ ವಾರ ಮೇಡಂ ವಿಭಾಗದ ಮುಖ್ಯಸ್ಥರ ಕಡೆ ಬಂದ್ರು. ತಿಕೋಟಾದವರು ಮುಂದಿನ ಸೆಮಿಸ್ಟರಿಗೆ ಅವರ ತಾಸು ಬ್ಯಾರೆಯವರಿಗೆ ಕೊಡಾಕ ಹೊಂಟಿದ್ರು. "ಮೇಡಂ ಮೊದಲೇ ತಿಳಿಸಿದ್ರು, ತಪ್ಪು ನಮ್ಮ ಪಟ್ಟೀದು ಅಂತ ಒಂದು ಪತ್ರ ಕೊಟ್ರ ಸಾಕ್ರಿ" ಅಂತ ಕೇಳಿದ್ರು. ಮುಖ್ಯಸ್ಥರು ನನ್ನನ್ನ ಕರೆಸಿದ್ರು.

"ಇವರು ನಿಮಗ ಮೊದಲೇ ಹೇಳಿದ್ರೇನ್ರಿ?"

ಚೀಟಿ ನನ್ನ ಕೈಯಾನ ಫೈಲಿನ್ಯಾಗೇ ಇತ್ತು.

"ಇಲ್ರಿ ಸರ್. ನೋಡ್ರಿ, ಸಹಿನೂ ಮಾಡ್ಯಾರ" ಅಂದೆ.

ಮೇಡಂ ಒಂದು ಸಲ ಫೈಲ್ ನೋಡಿದ್ರು, ಒಂದು ಸಲ ನನ್ನ ನೋಡಿದ್ರು. ಜಗಳಾ ತಗದಿದ್ರ ನಾನು ಒದರಾಡಿ ಪಾರಾಗತಿದ್ದೆ. ಅವತ್ತಿಂದ ಕನ್ನಡಿ ಮುಂದ ನಿಂತು ಗಡ್ಡ ಕೆರಕೊಳ್ಳಾಕೂ ನನಗ ನಾಚಿಕಿ. ಪತ್ರ ಹೋಗಲಿಲ್ಲ, ತಾಸು ಹೋದ್ವು.

ಈ ಸೆಮಿಸ್ಟರಿನ್ಯಾಗ ಮುಖ್ಯಸ್ಥರು, ಪಟ್ಟಿ ಮಾಡೂದು ಮೇಡಂನೂ ಕಲೀಲಿ ಅಂದ್ರು. ಮೇಡಂ ಚೌಕಳಿ ಹಾಳಿ ಹಿಡಕೊಂಡು ನನ್ನ ಎದುರಿಗೆ ಕುಂತು, ಪೆನ್ಸಿಲ್ ಹಚ್ಚೂ ಮೊದಲು ಕೇಳಿದ್ರು: "ಸರ್, ನಿಮಗ ಯಾವ ಹೊತ್ತು ಅಡಚಣಿ ಐತ್ರಿ? ಮೊದಲೇ ಹೇಳಿಬಿಡ್ರಿ."

ಇಷ್ಟು ವರ್ಷದಾಗ ಈ ಮಾತು ನಾನು ಯಾರಿಗೂ ಕೇಳಿರಲಿಲ್ಲ. "ನನಗೇನೂ ಇಲ್ರಿ ಮೇಡಂ. ನಿಮಗ?" ಅಂದೆ.

"ನನಗೂ ಇಲ್ರಿ ಸರ್" ಅಂತ ಅವರು ಹಾಳಿಮ್ಯಾಲ ತಮ್ಮ ಹೆಸರು ಬರೀತಾ ಹೇಳಿದ್ರು. "ಈಗ ಮಧ್ಯಾಹ್ನ ಎಲ್ಲಾ ಖಾಲೀನ ಇರತೇನಲ್ರಿ."