ಅತ್ತೆಗೆ ಓದಿ ಹೇಳಿದ ಪಾಸ್ಟರ ಪತ್ರ

ನನ್ನ ಬಾಯಿ ಜೋರು. ಆಸ್ಪತ್ರೆಯ ವಾರ್ಡಿನಲ್ಲಿ ಅದು ಕೆಲಸಕ್ಕೆ ಬರುತ್ತದೆ. ರೋಗಿಯ ಮಂಚದ ಸುತ್ತ ನೆಂಟರು ಮುತ್ತಿಕೊಂಡಾಗ ನರ್ಸಾದವಳು ಮೆತ್ತಗೆ ಮಾತಾಡಿದರೆ ಯಾರು ಕೇಳುತ್ತಾರೆ? ಆದರೆ ಅದೇ ಬಾಯಿಯನ್ನು ನಾನು ಚರ್ಚಿನ ಕಮಿಟಿ ಮೀಟಿಂಗಿಗೂ ತೆಗೆದುಕೊಂಡು ಹೋದೆ.

ಶಿಗ್ಗಾಂವಿಯಲ್ಲಿ ನಮ್ಮದು ಸಣ್ಣ ಚರ್ಚು. ಪ್ರಭುಭೋಜನದ ಭಾನುವಾರ ನಾವೆಲ್ಲ ಮುಂದೆ ಸಾಲಾಗಿ ಮೊಣಕಾಲೂರುತ್ತೇವೆ. ಪಾಸ್ಟರು ರೊಟ್ಟಿಯ ತುಂಡು ಕೊಟ್ಟ ಮೇಲೆ ದ್ರಾಕ್ಷಾರಸದ ಒಂದೇ ಪಾತ್ರೆ ಬಾಯಿಂದ ಬಾಯಿಗೆ ಹೋಗುತ್ತದೆ. ಪ್ರತಿಯೊಬ್ಬರು ಕುಡಿದ ಮೇಲೂ ಅವರು ಬಿಳಿ ಬಟ್ಟೆಯಿಂದ ಅಂಚು ಒರೆಸುತ್ತಾರೆ. ಕೊರೊನಾ ಕಳೆದು ಚರ್ಚು ಮತ್ತೆ ತೆರೆದಾಗ, ಕಮಿಟಿಯ ಕಾರ್ಯದರ್ಶಿಯಾದ ನಾನು, ಇನ್ನು ಮೇಲೆ ಪ್ರತಿಯೊಬ್ಬರಿಗೂ ಬೇರೆ ಸಣ್ಣ ಕಪ್ಪು ತರೋಣ ಎಂದೆ. ಹಿರಿಯರು ಮುಖ ಸಿಂಡರಿಸಿದರು. ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಎಂದವಳು ನನ್ನ ಸೋದರತ್ತೆ.

ಅವಳಿಗೆ ಕಾರಣವಿತ್ತು, ನನಗೆ ಗೊತ್ತಿಲ್ಲದ್ದೇನಲ್ಲ. ಅವಳು ಲಂಗ ಉಡುವ ಹುಡುಗಿಯಾಗಿದ್ದಾಗ ಅಜ್ಜನ ಜೊತೆ ಸಂತೆಗೆ ಹೋಗುತ್ತಿದ್ದಳು. ಚಹಾದಂಗಡಿಯ ಹೊರಗೋಡೆಯ ಗೂಡಿನಲ್ಲಿ ನಮ್ಮ ಜನರಿಗೆಂದೇ ಒಂದು ಕಪ್ಪು ಇಟ್ಟಿರುತ್ತಿದ್ದರು. ಕುಡಿದು, ತಾವೇ ತೊಳೆದು, ಅಲ್ಲೇ ಇಡಬೇಕು. "ಬ್ಯಾರೆ ಕಪ್ಪು ಬಿಟ್ಟು ಈ ಒಂದ ಪಾತ್ರಿಗೆ ಬಂದೇವಿ. ನಮ್ಮನ್ನ ಮತ್ತ ಬ್ಯಾರೆ ಕಪ್ಪಿಗೆ ಕಳಸತೀರೇನು?" ಎಂದಳು.

ನಾನು ರಾತ್ರಿ ಪಾಳಿ ಮುಗಿಸಿ ನಿದ್ದೆಯಿಲ್ಲದೆ ಬಂದಿದ್ದೆ. ಅದು ನೆಪ, ಇರಲಿ. "ಅತ್ತಿ, ಹಳೇ ಕಥಿ ಬಿಡು. ನಿನ್ನ ಎಂಜಲಾ ನನಗ ಬ್ಯಾಡ" ಎಂದುಬಿಟ್ಟೆ.

ಪಾಸ್ಟರು ಮುಂದಿದ್ದ ಕಾಗದ ನೋಡುತ್ತ ಕುಳಿತರು. ಅತ್ತೆ ಎದ್ದು, ಬಾಗಿಲಲ್ಲಿ ಚಪ್ಪಲಿ ಹುಡುಕಿ ಹಾಕಿಕೊಂಡು ಹೋದಳು. ಮುಂದಿನ ಭಾನುವಾರ ಅರ್ಧ ಚರ್ಚು ಖಾಲಿ. ಅವರೆಲ್ಲ ಬಂಕಾಪುರದಲ್ಲಿ ಹಿರಿಯರೊಬ್ಬರ ಮನೆಯಲ್ಲಿ ಚಾಪೆ ಹಾಸಿ ಪ್ರಾರ್ಥನೆ ಶುರುಮಾಡಿದ್ದರು. ಅತ್ತೆಯ ಊರೂ ಅದೇ.

ಉಳಿದ ನಾವು ಸಣ್ಣ ಕಪ್ಪು ತಂದೆವು. ಗೆದ್ದವಳಂತೆ ನಾನೇ ಅವನ್ನು ಬಿಸಿನೀರಲ್ಲಿ ಕುದಿಸಿ ಜೋಡಿಸುತ್ತಿದ್ದೆ. ರೋಗ ಹರಡುವ ವಿಷಯದಲ್ಲಿ ನನ್ನ ಮಾತು ಸರಿಯಿತ್ತು, ಈಗಲೂ ಸರಿ ಎಂದೇ ಹೇಳುತ್ತೇನೆ. ಆ ಸರಿಯನ್ನು ಹಿಡಿದುಕೊಂಡು ಎಷ್ಟು ದಿನ ಆರಾಮಾಗಿ ಇದ್ದೆ ಎಂದು ನೆನೆದರೆ ನಾಚಿಕೆಯಾಗುತ್ತದೆ. ಆಮೇಲೆ ಆ ಕಡೆಯ ಹಿರಿಯರೊಬ್ಬರು ತೀರಿಕೊಂಡರು. ಮಣ್ಣಿಗೆ ಹೋದಾಗ ಗುಂಡಿಯ ಈಚೆ ನಾವು, ಆಚೆ ಅವರು. ಎರಡು ಗುಂಪು ಎರಡು ರಾಗದಲ್ಲಿ ಒಂದೇ ಗೀತೆ ಹಾಡಿದೆವು. ಅತ್ತೆ ನನ್ನ ಕಡೆ ನೋಡಲಿಲ್ಲ. ಮರುದಿನವೇ ಪಾಸ್ಟರು ಪತ್ರ ಬರೆಯಲು ಕುಳಿತರು.

ಬರೆದದ್ದನ್ನು ಟೈಪು ಮಾಡಲು ನನಗೆ ಕೊಟ್ಟರು. ಮೊದಲ ಪ್ರತಿಯಲ್ಲಿ 'ನೀವು ಸಭೆಯನ್ನು ಬಿಟ್ಟು ಹೋದಿರಿ' ಎಂದಿತ್ತು. ಅದನ್ನು ಹೊಡೆದು 'ನೀವಿಲ್ಲದೆ ನಮ್ಮ ಸಭೆ ಅರ್ಧವಾಗಿದೆ' ಎಂದರು. 'ನಿಮಗೆ ನೋವಾಗಿದ್ದರೆ' ಎಂಬಲ್ಲಿ 'ನಿಮಗೆ ನೋವಾಗಿದೆ' ಎಂದು ತಿದ್ದಿದರು. ಕ್ಷಮಿಸಿರಿ ಎನ್ನುವ ವಾಕ್ಯವೊಂದನ್ನು ಬೈಬಲಿನಿಂದ ಎತ್ತಿ ಬರೆದವರು ಆಮೇಲೆ ತೆಗೆದರು. ಪೆಟ್ಟು ತಿಂದವರಿಗೆ ಅದು ಹುಕುಂ ಕೊಟ್ಟಂತೆ ಕೇಳಿಸುತ್ತದೆ ಎಂದು ಅವರ ಅಂಜಿಕೆ. ಕಾಣಿಕೆಯ ಮಾತೇ ಇಲ್ಲ. ಇಂಥ ದಿನದೊಳಗೆ ಉತ್ತರ ಕೊಡಿ ಎಂದೂ ಇಲ್ಲ. ಮನೆಯಲ್ಲಿ ಪ್ರಾರ್ಥನೆ ನಡೆಸುತ್ತಿರುವುದಕ್ಕೆ ದೇವರಿಗೆ ಸ್ತೋತ್ರ ಎಂದು ಬರೆದರು. ಕೊನೆಯಲ್ಲಿ, ಬದಲಾದದ್ದೇನು ಎಂಬುದು: ಇನ್ನು ಮೇಲೆ ದೊಡ್ಡ ಪಾತ್ರೆ, ಸಣ್ಣ ಕಪ್ಪು ಎರಡೂ ಇರುತ್ತವೆ, ಯಾರು ಯಾವುದನ್ನು ತೆಗೆದುಕೊಂಡರೂ ಯಾರೂ ಮಾತಾಡಬಾರದು.

ನನಗೆ ಒಂದು ಆಸೆ ಹುಟ್ಟಿತು. "ಎರಡೂ ಕಡೆಯಿಂದ ತಪ್ಪಾಗೇತಿ ಅಂತ ಒಂದ ಸಾಲು ಹಾಕೋಣ್ರಿ" ಎಂದೆ. ಹಾಗೆ ಬರೆದರೆ ನನ್ನ ಪಾಲು ಸ್ವಲ್ಪ ಹಗುರಾಗುತ್ತಿತ್ತು.

"ಅವರ ತಪ್ಪು ನಾವು ಬರದು ಕಳಸೋದು ಬ್ಯಾಡ್ರಿ ಸಿಸ್ಟರ್. ನಮ್ಮದಷ್ಟ ಬರಿಯೋಣು" ಎಂದರು.

"ಹಂಗಾರ ನನ್ನ ಹೆಸರು ಹಾಕ್ರಿ."

"ನಿಮ್ಮ ಹೆಸರು ನಾ ಬರದ್ರ ಅದು ದೂರು ಆಕ್ಕೈತ್ರಿ. ನಿಮ್ಮ ಮಾತು ನಿಮ್ಮ ಬಾಯಲೇ ಹೋಗಬೇಕು."

ಕಳಿಸುವ ಮೊದಲು ಅದನ್ನು ಉಳಿದವರಾದ ನಮಗೇ ಚರ್ಚಿನಲ್ಲಿ ಓದಿದರು. ಯಾರಾದರೂ ಬಂದರೆ 'ಏನ್ರಿ, ಈಗ ನೆನಪಾತೇನು' ಎಂದು ಚುಚ್ಚಬೇಡಿ, ಅವರು ಕೂರುತ್ತಿದ್ದ ಜಾಗ ಬಿಡಿ ಎಂದು ಕೇಳಿಕೊಂಡರು. ವಾಟ್ಸಾಪಿಗೆ ಹಾಕಲು ಒಪ್ಪಲಿಲ್ಲ. ಒಬ್ಬರು ಮುಂದೆ ಕಳಿಸುವಾಗ ತಮ್ಮದೂ ಒಂದು ಮಾತು ಸೇರಿಸುತ್ತಾರೆ ಎಂದರು. ಪ್ರತಿ ಮನೆಗೂ ತಾವೇ ಸಹಿ ಮಾಡಿದ ಪ್ರತಿ ಹಿಡಿದು ಹೊರಟರು. ಅತ್ತೆಯ ಮನೆಗೆ ನನ್ನನ್ನೂ ಕರೆದರು. ಬಂಕಾಪುರದ ಟಂಟಂ ಆಟೋದಲ್ಲಿ ಕುಳಿತಾಗ, ಇದು ನಡುದಾರಿಯಲ್ಲಿ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ನಿಲ್ಲಲಿಲ್ಲ.

"ಬರ್ರಿ ಪಾಸ್ಟರ್, ಕುಂದರ್ರಿ" ಎಂದಳು ಅತ್ತೆ. ಪತ್ರವನ್ನು ಕೈಯಲ್ಲಿ ತಿರುವಿ ನೋಡಿ ನನ್ನ ಕಡೆ ಚಾಚಿದಳು. ಅವಳಿಗೆ ಓದಲು ಬರುವುದಿಲ್ಲ. ಅವಳಿಗೆ ಬಂದ ಕಾಗದಗಳನ್ನೆಲ್ಲ ನಾನು ಶಾಲೆಗೆ ಹೋಗುವಾಗಿನಿಂದ ನಾನೇ ಓದುವುದು ರೂಢಿ. "ಓದವಾ" ಎಂದಳು.

ಓದಿದೆ. ನಡುವೆ ಒಂದು ಸಾಲು ಬಂತು: 'ಅಂದು ಮನಸ್ಸು ಮುರಿಯುವ ಮಾತು ಬಂದಾಗ ಸಭಾಪಾಲಕನಾದ ನಾನು ಎದ್ದು ತಡೆಯಬೇಕಿತ್ತು. ಸುಮ್ಮನೆ ಕುಳಿತೆ. ಅದು ನನ್ನ ತಪ್ಪು.' ಟೈಪು ಮಾಡುವಾಗ ಈ ಸಾಲು ಇಷ್ಟು ಉದ್ದ ಎನಿಸಿರಲಿಲ್ಲ. ಪಾಸ್ಟರು ತಲೆ ತಗ್ಗಿಸಿ ಕುಳಿತಿದ್ದರು. ನಾನು ಪತ್ರವನ್ನು ತೊಡೆಯ ಮೇಲಿಟ್ಟೆ.

"ಅತ್ತಿ, ಆ ಮಾತು ಆಡಿದಾಕಿ ನಾನು. ತಪ್ಪಾತು."

"ಗೊತ್ತೈತಿ. ನಾ ಅಲ್ಲೇ ಕುಂತಿದ್ನೆಲ್ಲ" ಎಂದಳು. "ಮುಂದ ಓದು."

ಮುಗಿಸಿದೆ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಪತ್ರವನ್ನು ಮಡಚಿ ತನ್ನ ಬೈಬಲಿನಲ್ಲಿ ಇಟ್ಟಳು. ಪಾಸ್ಟರು ಒತ್ತಾಯ ಮಾಡಲಿಲ್ಲ. ಚಿಕ್ಕದಾಗಿ ಪ್ರಾರ್ಥಿಸಿ ಎದ್ದರು.

ಕೆಲವರು ಬಂದರು, ಕೆಲವರು ಇವತ್ತಿಗೂ ಬಂದಿಲ್ಲ. ಅತ್ತೆ ಬಂದದ್ದು ಸುಗ್ಗಿ ಮುಗಿದ ಮೇಲೆ, ಒಂದು ಪ್ರಭುಭೋಜನದ ಭಾನುವಾರ. ಕಿಟಕಿ ಪಕ್ಕದ ಅವಳ ಜಾಗ ಖಾಲಿ ಇತ್ತು. ಆ ದಿನ ಏನು ಮಾಡಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ನರ್ಸಿನ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು, ಅವಳ ಪಕ್ಕದಲ್ಲೇ ಮೊಣಕಾಲೂರಿದೆ. ಅವಳು ಕುಡಿದ ಮೇಲೆ ಅದೇ ಪಾತ್ರೆಯಲ್ಲಿ ನಾನು ಕುಡಿಯಬೇಕು. ಎಲ್ಲರೂ ನೋಡಲಿ. ನನ್ನ ಲೆಕ್ಕ ಅಲ್ಲಿಗೆ ಮುಗಿಯುತ್ತದೆ.

ಪಾಸ್ಟರು ದೊಡ್ಡ ಪಾತ್ರೆ ತಂದರು. ಅತ್ತೆ ಅದಕ್ಕೆ ಕೈ ಮುಗಿದು, ತಲೆ ಅಲ್ಲಾಡಿಸಿ, ಪಕ್ಕದ ತಟ್ಟೆಯಿಂದ ಸಣ್ಣ ಕಪ್ಪು ತೆಗೆದುಕೊಂಡಳು. ಪಾತ್ರೆ ನನ್ನ ಮುಂದೆ ಬಂತು. ಕುಡಿದೆ.

ಹೊರಗೆ ಬೇವಿನ ನೆರಳಿಗೆ ಬಂದಾಗ ತಡೆಯಲಾಗಲಿಲ್ಲ. "ಯಾಕ ಅತ್ತಿ? ಪಾತ್ರಿ ನಿನ್ನ ಸಲುವಾಗೇ ಇಟ್ಟಿದ್ರು."

ಅವಳು ಸೆರಗನ್ನು ಬಾಯಿಗೆ ಹಿಡಿದು ಕೆಮ್ಮಿದಳು. ಚುಚ್ಚುವ ದನಿಯೇ ಅಲ್ಲ, ಅಡುಗೆಗೆ ಉಪ್ಪು ಕಡಿಮೆ ಎನ್ನುವಷ್ಟು ಸಹಜವಾಗಿ ಹೇಳಿದಳು:

"ನಾಕ ದಿನದಿಂದ ಕೆಮ್ಮು ಐತವಾ. ನೀ ಬಾಜೂಕ ಬಂದು ಕುಂತಿ. ನನ್ನ ಎಂಜಲಾ ನಿನಗ ಬ್ಯಾಡಲ್ಲ, ಅದಕ್ಕ."