ಪಾರ್ವತಮ್ಮ ಓದಿದ ಪ್ರಾರ್ಥನೆ

ಪಾರ್ವತಮ್ಮನ ಬಗ್ಗೆ ಬರೆಯುವಾಗ ನನಗೆ ಸಿಟ್ಟು ಬಾರದೆ ಇರುವುದಿಲ್ಲ. ಅವರ ಮೇಲಲ್ಲ. ಆ ದಿನ ಕೈಮುಗಿದು ನಿಂತ ನಮ್ಮೆಲ್ಲರ ಮೇಲೆ.

ತಮಿಳುನಾಡಿನ ಗಡಿಯೊಳಗೆ, ಹೊಸೂರಿನ ಕಡೆಯ ಬೇರಿಕೆ ಪಕ್ಕದ ನಮ್ಮೂರಿನಲ್ಲಿ ಇಪ್ಪತ್ತೆರಡು ವರ್ಷ ಶನಿವಾರದ ರಾಮಭಜನೆ ನಡೆದದ್ದು ಅವರ ಮನೆಯ ಪಡಸಾಲೆಯಲ್ಲಿ. ರಾಗಿ ಹೊಲ, ಎರಡು ಹಸು, ಗಂಡನಿಲ್ಲದ ಸಂಸಾರ, ಇಷ್ಟರ ನಡುವೆ ಅವರಿಗೆ ತಾಳ ಹಿಡಿಯಲು ಹೇಗೆ ಪುರುಸೊತ್ತು ಸಿಗುತ್ತಿತ್ತೋ ಕಾಣೆ. ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಭಜನೆ ಪುಸ್ತಕ ಓದಬೇಕೆಂಬ ಹಟಕ್ಕೆ. ಕಲಿಸಿದವಳು ನಾನೇ, ಪಕ್ಕದ ಮನೆಯ ಚಂದ್ರಲೇಖಾ. ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ಬಾಯಿ ಮುಂದೆ ಹೋಗುತ್ತದೆ, ಅರ್ಥ ಹಿಂದಿನಿಂದ ಬರುತ್ತದೆ.

ಭಜನೆಗೆ ಊರಾಚೆಯ ದಲಿತರ ಕಾಲೊನಿಯಿಂದ ಮಂಗಳಾ ಬರುತ್ತಿದ್ದಳು. ಗುಲಾಬಿ ತೋಟದಲ್ಲಿ ಕೂಲಿ. ಅವಳ ದನಿಯ ಮುಂದೆ ನಮ್ಮದೆಲ್ಲ ಬರೀ ಗದ್ದಲ. ಮೊದಮೊದಲು ಹೊಸ್ತಿಲಾಚೆ ಕೂರುತ್ತಿದ್ದಳು. ಒಂದು ಶನಿವಾರ ಪಾರ್ವತಮ್ಮ ಎದ್ದು ಹೋಗಿ ರಟ್ಟೆ ಹಿಡಿದು ಒಳಗೆ ತಂದು ಪಕ್ಕದಲ್ಲೇ ಕೂರಿಸಿಕೊಂಡರು. ಅವತ್ತು ಇಬ್ಬರು ಹೆಂಗಸರು ಎದ್ದು ಹೋದರು. ಮೂರು ತಿಂಗಳಿಗೆ ವಾಪಸು ಬಂದರು. ಪಾರ್ವತಮ್ಮ ಅವರನ್ನು ಯಾಕೆ ಹೋದಿರಿ ಎಂದೂ ಕೇಳಲಿಲ್ಲ, ಯಾಕೆ ಬಂದಿರಿ ಎಂದೂ ಕೇಳಲಿಲ್ಲ.

ಊರಿಗೊಂದು ಪ್ರಾರ್ಥನಾ ಮಂದಿರ ಆಗಬೇಕೆಂದು ಓಡಾಡಿದವನು ಹರಿಕೃಷ್ಣ, ಪಾರ್ವತಮ್ಮನ ತಂಗಿಯ ಮಗ. ತಾಯಿ ಸತ್ತ ಮೇಲೆ ಇವರ ಕೈತುತ್ತಲ್ಲೇ ಬೆಳೆದವನು, ಈಗ ಹೊಸೂರಿನಲ್ಲಿ ಆಫೀಸಿನ ಕೆಲಸ, ಮಂದಿರದ ಸಮಿತಿಗೆ ಕಾರ್ಯದರ್ಶಿ. ಗೋಡೆ ಎದ್ದು ಸುಣ್ಣ ಬಳಿದ ಮೇಲೆ ಅವನೇ ಬಂದು, ಸಮರ್ಪಣೆಯ ಪ್ರಾರ್ಥನೆ ನೀವೇ ಬರೆದು ನೀವೇ ಹೇಳಬೇಕು, ಆಮೇಲೆ ನಾಲ್ಕು ಮಾತೂ ಆಡಬೇಕು ಎಂದು ಕೇಳಿದ. ಅವರು ಸಂಜೆಯೇ ಮಂಗಳಾಳ ಮನೆಗೆ ಹೋಗಿ ಮಾತು ಕೊಟ್ಟು ಬಂದರು: ಪ್ರಾರ್ಥನೆ ಮುಗಿದ ಕೂಡಲೇ ನೀನು ಒಳಗೆ ಬಂದು ಒಂದು ಬತ್ತಿ ಹಚ್ಚಬೇಕು, ಹೊಸ ಮಂದಿರದ ಮೊದಲ ಹಾಡು ನಿನ್ನದೇ.

ಹದಿನೈದು ದಿನ ನಮ್ಮ ಅಡುಗೆಮನೆಯಲ್ಲಿ ಕೂತು ಬರೆದರು. ಪ್ರಾರ್ಥನೆ ದೇವರಿಗೆ, ಭಾಷಣ ಜನಕ್ಕೆ ಎಂದು ನಾನು ಬೇರೆ ಮಾಡಿಕೊಟ್ಟೆ. ಕಲ್ಲು ಹೊತ್ತವರಿಗೆ, ಜಾಗ ಕೊಟ್ಟವರಿಗೆ ಕೃತಜ್ಞತೆ ಪ್ರಾರ್ಥನೆಯಲ್ಲಿ ಬೇಡ, ಅದು ಭಾಷಣಕ್ಕೆ. ಪ್ರಾರ್ಥನೆಯಲ್ಲಿ ಮೊದಲು ಕರೆಯುವುದು, ಆಮೇಲೆ ಕಟ್ಟಿದ್ದನ್ನು ತೋರಿಸುವುದು, ಆಮೇಲೆ ಒಪ್ಪಿಸುವುದು, ಕೊನೆಗೆ ಬೇಡುವುದು. ಪ್ರತಿ ಬೇಡಿಕೆಗೂ ಸಭೆ ‘ತಥಾಸ್ತು’ ಅನ್ನಬೇಕು, ಹಾಗಾಗಿ ವಾಕ್ಯ ಚಿಕ್ಕದಿರಬೇಕು. ಭಾಷಣ ಮೂರೇ ನಿಮಿಷ. ಅದರಲ್ಲಿ ಬೀಗದ ಕೈ ಯಾರ ಹತ್ತಿರ, ಭಜನೆ ಯಾವ ವಾರ, ಯಾರು ಬೇಕಾದರೂ ಬರಬಹುದು ಎಂಬುದೆಲ್ಲ ಇರಲಿ ಎಂದರು ಪಾರ್ವತಮ್ಮ. ಒಲೆಯ ಮೇಲೆ ಹಾಲಿಟ್ಟು, ಗಡಿಯಾರ ನೋಡಿಕೊಂಡು ಓದುತ್ತಿದ್ದರು. ಎರಡು ಸಲ ಹಾಲು ಉಕ್ಕಿಹೋಯಿತು.

ಬೇಡಿಕೆಯ ಕೊನೆಯ ಸಾಲು ಇದು: ‘ಈ ಬಾಗಿಲು ಬಂದವರಿಗೆಲ್ಲ ತೆರೆದಿರಲಿ.’

ಸಮರ್ಪಣೆಯ ಹಿಂದಿನ ದಿನ ಹರಿಕೃಷ್ಣ ಆ ಹಾಳೆಯ ಫೋಟೋ ತೆಗೆದುಕೊಂಡು ಹೋದ. ದೊಡ್ಡಕ್ಷರದಲ್ಲಿ ಟೈಪ್ ಮಾಡಿಸಿ ತರುತ್ತೇನೆ ದೊಡ್ಡಮ್ಮ, ಬಾಯಿಪಾಠ ಹೇಳಬೇಡಿ, ಸಮರ್ಪಣೆಯಲ್ಲಿ ಒಂದು ಮಾತೂ ತಪ್ಪಬಾರದು ಎಂದ. ಎಷ್ಟು ಕಾಳಜಿ ನೋಡು ಇವನಿಗೆ ಎಂದು ಅವರು ನನ್ನ ಹತ್ತಿರ ಹೇಳಿಕೊಂಡು ಖುಷಿಪಟ್ಟರು. ನಾನೂ ಹೌದೆಂದೆ.

ಬೆಳಿಗ್ಗೆ ಹೊಸೂರಿನ ಪುರೋಹಿತರು ಗಣಪತಿ ಪೂಜೆ, ಪುಣ್ಯಾಹ ಮುಗಿಸಿ ಮಾವಿನೆಲೆಯಿಂದ ನೀರು ಚಿಮುಕಿಸಿದರು. ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು, ಕಳಸ ಹೊತ್ತವರು ಬಲಗಾಲಿಟ್ಟು ಒಳಗೆ ಹೋದರು. ದೀಪ ಹಚ್ಚಿ ರಾಮನ ಪಟಕ್ಕೆ ಹೂವೇರಿಸಿದರು. ಹರಿಕೃಷ್ಣ, ಅವನ ಹೆಂಡತಿ ಯಜಮಾನರಾಗಿ ಕೂತರು. ಸಂಕಲ್ಪದಲ್ಲಿ ತಿಥಿ, ವಾರ, ಊರಿನ ಹೆಸರು ಹೇಳಿಸಿದ ಪುರೋಹಿತರು, ಪ್ರಾರ್ಥನೆ ಮುಗಿದೊಡನೆ ಯಜಮಾನರು ನೀರು ಬಿಟ್ಟು ‘ನ ಮಮ’ ಅನ್ನಬೇಕು, ಅಂದರೆ ಇದು ನನ್ನದಲ್ಲ, ಅಲ್ಲಿಗೆ ಮಂದಿರ ದೇವರದಾಯಿತು, ಆಮೇಲೆ ಒಂದು ಮಾತೂ ತಿದ್ದುವಂತಿಲ್ಲ ಎಂದು ಸಭೆಗೆ ತಿಳಿಸಿದರು. ಮಂಗಳಾ ಹಸಿರು ಸೀರೆಯುಟ್ಟು ಹೊರಗೆ ಶಾಮಿಯಾನದ ಕೆಳಗೆ ಕಾಯುತ್ತಿದ್ದಳು.

ಹರಿಕೃಷ್ಣ ಆಗಷ್ಟೇ ಕೈಗೆ ಕೊಟ್ಟ ಟೈಪ್ ಹಾಳೆಯನ್ನು ಪಾರ್ವತಮ್ಮ ಮೈಕಿನ ಮುಂದೆ ನಿಂತು ಬೆರಳಿಟ್ಟು ಓದಿದರು. “ರಾಮಚಂದ್ರಾ, ನಮ್ಮ ಕೈಯಿಂದ ಕಟ್ಟಿಸಿಕೊಂಡವನು ನೀನೇ. ಇದರ ಗೋಡೆ, ಇದರ ನೆರಳು, ಇದರ ಮೌನ ನಿನಗೆ ಒಪ್ಪಿಸಿದ್ದೇವೆ. ಇಲ್ಲಿ ಹಾಡಿದ ದನಿ ನಿನ್ನ ಕಿವಿ ಮುಟ್ಟಲಿ.” ನಾವು ತಥಾಸ್ತು ಎಂದೆವು. “ಇಲ್ಲಿ ಅತ್ತವರ ಕಣ್ಣೀರು ಒಣಗಲಿ.” ತಥಾಸ್ತು. “ಈ ಬಾಗಿಲು ಕಟ್ಟಿದ ಮನೆತನದವರಿಗೆ ತೆರೆದಿರಲಿ. ಉಳಿದವರು ಹೊರಗಿನಿಂದಲೇ ಕೈಮುಗಿಯಲಿ.”

ತಥಾಸ್ತು.

ನಾನೂ ಅಂದೆ. ಅದೇ ರಾಗದಲ್ಲಿ ಮೂರನೇ ಸಲ ಬಾಯಿ ತಾನಾಗಿಯೇ ಅಂದುಬಿಟ್ಟಿತು. ಪಾರ್ವತಮ್ಮನ ಬೆರಳು ಆ ಸಾಲಿನ ಮೇಲೇ ನಿಂತಿತು, ಮತ್ತೆ ಹಿಂದಕ್ಕೆ ಹೋಯಿತು, ತುಟಿ ಅಲುಗಿತು. ಅಷ್ಟರಲ್ಲಿ ಪುರೋಹಿತರು ಉದ್ಧರಣೆಯಿಂದ ಹರಿಕೃಷ್ಣನ ಅಂಗೈಗೆ ನೀರು ಹಾಕಿದರು. ಅವನು ತಟ್ಟೆಗೆ ನೀರು ಬಿಟ್ಟು ‘ನ ಮಮ’ ಎಂದ. ದೊಡ್ಡಮ್ಮನ ಕಡೆ ಕಣ್ಣೆತ್ತಲಿಲ್ಲ.

ಭಾಷಣದ ಹಾಳೆಯನ್ನು ಅವರು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. “ನಾನೀಗ ಓದಿದ್ದು ನಾನು ಬರ್ದಿದ್ದಲ್ಲ. ಎಲ್ಲಾರೂ ಬರ್ಲಿ ಅಂತ ಬರ್ದಿದ್ದೆ. ಮಂಗಳಾ, ಒಳಕ್ಕೆ ಬಾಮ್ಮಾ,” ಎಂದರು. ಹರಿಕೃಷ್ಣ ವಾಲಗದವರಿಗೆ ಕೈ ಬೀಸಿದ. ಮಂಗಳಾರತಿಯ ವಾಲಗ ಎದ್ದಿತು, ಮೈಕಿದ್ದರೂ ಅವರ ಮಾತು ಕೂತವರ ಎರಡನೇ ಸಾಲಿನಿಂದಾಚೆಗೆ ಕೇಳಲಿಲ್ಲ. ಶಾಮಿಯಾನದ ಕೆಳಗೆ ನೋಡಿದರೆ ಹಸಿರು ಸೀರೆ ಇರಲಿಲ್ಲ.

ಹೊರಗೆ ಬಂದು ಅವರು ಅವನನ್ನು ಒಂದೇ ಮಾತು ಕೇಳಿದರು, ನನ್ನ ಕೈಲೇ ಯಾಕೆ ಓದಿಸಿದೆ ಎಂದು.

“ಬೇರೆಯೋರು ಓದಿದ್ರೆ ಕಾಲೊನಿಯೋರು ಜಗಳಕ್ಕೆ ಬರೋರು ದೊಡ್ಡಮ್ಮ. ನೀವು ಓದಿದ್ರೆ ಯಾರೂ ಮಾತಾಡಲ್ಲ. ಸಮಿತಿ ಹಿರಿಯರು ಹಂಗಂದ್ರು, ನಾನೇನ್ ಮಾಡ್ಲಿ?”

ಅವನಿಗೆ ತುತ್ತಿಟ್ಟ ಕೈ ಅದು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೆ ನನ್ನ ಹೊಟ್ಟೆಯಾದರೂ ತಣ್ಣಗಾಗುತ್ತಿತ್ತು. ಅವರು ಮನೆಗೆ ಹೋಗಿ, ದೇವರ ಗೂಡಿನಿಂದ ತಾವು ಬರೆದ ಮೂಲ ಹಾಳೆ ತೆಗೆದುಕೊಂಡು, ಉರಿಬಿಸಿಲಲ್ಲಿ ಕಾಲೊನಿಯ ದಾರಿ ಹಿಡಿದರು. ನಾನು ಹಿಂದೆ ಹೋದೆ.

ಮಂಗಳಾ ಸೀರೆ ಬದಲಿಸಿ, ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದ್ದು ಚಾಪೆ ಹಾಸಿದಳು, ನೀರು ತಂದುಕೊಟ್ಟಳು. ಪಾರ್ವತಮ್ಮ ಕೂರಲಿಲ್ಲ. ಹಾಳೆ ಬಿಡಿಸಿ ಆ ಸಾಲಿನ ಕೆಳಗೆ ಬೆರಳಿಟ್ಟು ಅವಳ ಮುಂದೆ ಹಿಡಿದರು. ನನ್ನಕ್ಷರ ಇದು, ನೋಡು, ಹರಿ ಬದಲಾಯಿಸಿಬಿಟ್ಟ, ಎಲ್ಲರಿಗೂ ಅಂತಲೇ ಬರೆದಿದ್ದೆ ಎಂದು ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ.

ಮಂಗಳಾ ಓದಿದ್ದು ತಮಿಳು ಶಾಲೆಯಲ್ಲಿ, ಅದೂ ಐದನೇ ತರಗತಿವರೆಗೆ. ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನು ಮೆಲ್ಲಗೆ ಮಡಿಸಿ ಅವರ ಕೈಗೇ ಕೊಟ್ಟಳು.

“ಈ ಅಕ್ಷರ ನಂಗೆ ಬರಾಕಿಲ್ಲಕ್ಕ. ನಂಗೆ ಗೊತ್ತಿರಾದು ನಿಮ್ಮ ದನಿ. ಅದನ್ನ ಮೈಕಲ್ಲಿ ಕೇಳಿದೀನಿ.”