ಬಾಗಿದ ಅಂಚಿನ ಹುಲ್ಲು

ಕತ್ತರಿ ಮೇಸ್ತ್ರಿಯನ್ನು ನಾನು ಮೊದಲ ದಿನದಿಂದಲೇ ನಂಬಲಿಲ್ಲ. ಇಪ್ಪತ್ತು ವರ್ಷ ದರ್ಜಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸಿ, ಅಂಗಡಿ ಮುಚ್ಚಿದ ಮೇಲೆ ಹುಲ್ಲುಹಾಸಿನ ಕೆಲಸಕ್ಕೆ ಇಳಿದವನು. ದರ್ಜಿಗಳು ಬಟ್ಟೆ ಉಳಿಸಿಕೊಳ್ಳುವುದು ನನಗೆ ಗೊತ್ತಿಲ್ಲವೇ? ನಾನೂ ಕಾರ್ಖಾನೆಯ ಉಗ್ರಾಣ ಕಾದು ತಲೆ ನರೆಸಿಕೊಂಡವನು.

ನನ್ನ ಅಂಗಳ ಎಂಬತ್ತು ಚದರ ಮೀಟರ್. ಬೇರು ಮಣ್ಣಿನ ಸಮೇತ ಚಾಪೆಯಂತೆ ಸುತ್ತಿ ತರುವ ಹುಲ್ಲಿನ ಒಂದು ಸುರುಳಿ ಬಿಚ್ಚಿದರೆ ಒಂದು ಚದರ ಮೀಟರ್. ಅವನು ಎಂಬತ್ತೆಂಟು ಇಳಿಸಿದ.

"ಎಂಟು ಯಾರ ಮನೆಗಪ್ಪಾ?" ಎಂದೆ.

"ಎರಡೂ ಕಡೆ ಅಂಚು ಬಾಗಿದೆಯಲ್ಲ ಸ್ವಾಮಿ. ಹುಲ್ಲನ್ನ ಬಾಗಿಸಿ ಹಾಸೋಕಾಗಲ್ಲ. ನೇರವಾಗೇ ಗೆರೆ ದಾಟಿಸಿ ಹಾಸಿ ಆಮೇಲೆ ಕತ್ತರಿಸಬೇಕು. ಆಚೆ ಬಿದ್ದಿದ್ದು ದಂಡ."

"ಆ ಚೂರುಗಳನ್ನೇ ಜೋಡಿಸು."

"ಬೆರಳಗಲದ ಚೂರು ಅಂಚಲ್ಲಿಟ್ರೆ ಒಣಗಿ ಹೋಗುತ್ತೆ."

ಬಾಯಿ ಜೋರಿದೆ ಅಂದುಕೊಂಡೆ. ಎಂಟು ಸುರುಳಿಗಳನ್ನು ತಗಡಿನ ಕೊಠಡಿಯಲ್ಲಿಟ್ಟು ಬೀಗ ಹಾಕಿದೆ. "ಸುತ್ತಿಟ್ರೆ ಒಳಗೇ ಬೇಯುತ್ತೆ ಸ್ವಾಮಿ" ಎಂದು ಅವನು ಬೇಡಿಕೊಂಡ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲಸ ಮಾತ್ರ ಚೆನ್ನಾಗಿತ್ತು, ಸುಳ್ಳೇಕೆ? ನೀರಿನ ಪೈಪನ್ನು ನೆಲದ ಮೇಲೆ ಬಳುಕಿಸಿ ಗೆರೆ ಗುರುತಿಸುತ್ತಿದ್ದ, ಅದರಗುಂಟ ಚಾಕು ಎಳೆಯುತ್ತಿದ್ದ. ಕತ್ತರಿಸಿದ್ದನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ. ಆ ಚೀಲ ದಪ್ಪವಾದಷ್ಟೂ ನಾನು ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮರುದಿನ ಮಧ್ಯಾಹ್ನ ಎಂಬತ್ತೂ ಮುಗಿದವು. ಬಾಗಿದ ಒಂದು ಅಂಚಿನ ಉದ್ದಕ್ಕೂ ಮಣ್ಣು ಬೋಳಾಗಿ ಉಳಿದಿತ್ತು. ಸಿಕ್ಕಿಬಿದ್ದ ಕಳ್ಳ, ಕಮ್ಮಿಬಿದ್ದ ಹುಲ್ಲು ಆ ಚೀಲದಲ್ಲೇ ಇದೆ ಎಂದುಕೊಂಡು ಒಳಗೆ ಹೋಗಿ ತಮ್ಮನಿಗೆ ಫೋನ್ ಮಾಡಿದೆ. ಅವನು ಕಟ್ಟಡದ ಗುತ್ತಿಗೆದಾರ. ಶಾಲೆಯ ಮೈದಾನಕ್ಕೆ ಹುಲ್ಲು ಹಾಸುವ ಕೆಲಸ ಅವನ ಕೈಯಲ್ಲಿತ್ತು; ಮೇಸ್ತ್ರಿಗೆ ಪೂರಾ ಒಂದು ವರ್ಷದ ಅನ್ನವಾಗುವ ಆ ಕೆಲಸ ನನ್ನ ಒಂದು ಮಾತಿಗಾಗಿ ಕಾದಿತ್ತು. "ಕೈ ಶುದ್ಧವಿಲ್ಲ ಕಣೋ" ಎಂದುಬಿಟ್ಟೆ.

ಹೊರಗೆ ಬಂದು, "ಚೀಲ ಸುರಿ" ಎಂದೆ.

ಅವನು ಸುರಿದ. ಒಂದೊಂದೇ ಚೂರನ್ನು ಎತ್ತಿ, ಅದನ್ನು ಕತ್ತರಿಸಿದ ಅಂಚಿಗೆ ಹೊರಗಿನಿಂದ ಒತ್ತಿಟ್ಟ. ಬಾಗಿದ ತುಂಡುಗಳು, ಮೂಲೆ ಮೊನೆಗಳು, ಎಲ್ಲವೂ ಕೂಡಿಕೊಂಡವು. ಕೊನೆಗೆ ಚೀಲದಲ್ಲಿ ಪುಡಿಮಣ್ಣು ಮಾತ್ರ ಉಳಿಯಿತು, ಕದ್ದ ತುಂಡು ಒಂದೂ ಇರಲಿಲ್ಲ.

ನಾಚಿಕೆಯಿಂದ ಕೊಠಡಿಯ ಬೀಗ ತೆಗೆದೆ. ಬಿಸಿ, ಹುಳಿ ವಾಸನೆ ಮುಖಕ್ಕೆ ರಾಚಿತು. ಸುರುಳಿಯೊಳಗೆ ಕೈ ಹಾಕಿದೆ, ಸುಟ್ಟಿತು. ಬಿಚ್ಚಿ ನೋಡಿದರೆ ಹುಲ್ಲು ಹಳದಿಯಾಗಿ ಲೋಳೆಗಟ್ಟಿತ್ತು. ಎಂಟೂ ಹಾಗೆಯೇ.

ಅಲ್ಲಿಂದಲೇ ತಮ್ಮನಿಗೆ ಮತ್ತೆ ಫೋನ್ ಮಾಡಿದೆ. "ತಪ್ಪು ನಂದೇ ಕಣೋ, ಅವನಿಗೇ ಕೊಡು."

"ಬೇರೆಯವರಿಗೆ ಹೇಳಿಯಾಯ್ತಣ್ಣ. ನಿನ್ನ ಮಾತು ಅಂದ್ರೆ ನಾನು ಎರಡನೇ ಸಲ ವಿಚಾರಿಸ್ತೀನಾ?"

ಫೋನ್ ಇಳಿಸಿದಾಗ ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಎಲ್ಲವೂ ಕೇಳಿಸಿತ್ತು. ಪೈಪನ್ನು ನನ್ನ ಕೈಗೆ ಕೊಟ್ಟು, "ಹಾಸಿರೋದಕ್ಕೆ ಈಗಲೇ ನೀರು ಬಿಡಿ ಸ್ವಾಮಿ, ಅದಾದ್ರೂ ಬದುಕಲಿ" ಎಂದ.